ಐಟಿಎಂ ಆಪ್ಷನ್ ಎಕ್ಸ್‌ಪೈರಿಗೆ ಬಿಟ್ಟರೆ ಎಸ್‌ಟಿಟಿ ಎಷ್ಟು ಬೀಳುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನಲ್ಲಿ ಲೆಕ್ಕಪತ್ರ, ರಿಟರ್ನ್ಸ್ ಕೆಲಸ ಮಾಡುವವನು. ಗಂಜ್‌ನ ಹತ್ತಿ ದಲ್ಲಾಳಿ ಅಂಗಡಿಗಳ ಹುಡುಗರು, ಸಿಂಧನೂರು ಕಡೆಯ ಮಾಸ್ತರರು, ಶಕ್ತಿನಗರದಿಂದ ಬರುವ ನೌಕರರು ಮೊದಲು ಜಿಎಸ್‌ಟಿ ಪ್ರಶ್ನೆ ತರುತ್ತಿದ್ದರು. ಈಗ ನಿಫ್ಟಿ ಆಪ್ಷನ್‌ನ ಕಾಂಟ್ರಾಕ್ಟ್ ನೋಟ್ ತರುತ್ತಾರೆ. ಆಪ್ಷನ್‌ನ ಅವಧಿ ಮುಗಿಯುವ ಎಕ್ಸ್‌ಪೈರಿ ದಿನದ ಎಸ್‌ಟಿಟಿ ಬಗ್ಗೆ ಅವರು ಎದುರು ಕೂತು, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಅವರವೇ ಮಾತಿನಲ್ಲಿವೆ. ಕೊಟ್ಟಿರುವುದು 2026ರ ಏಪ್ರಿಲ್ 1ರಿಂದ ಜಾರಿಯಾದ ದರಗಳು. ಉದಾಹರಣೆಗಳಲ್ಲಿ ಸೂಚ್ಯಂಕದ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಮಾಡಿದ್ದೇನೆ. ನಿಫ್ಟಿ ಲಾಟ್ 65 ಎಂದು ಹಿಡಿದಿದ್ದೇನೆ.

## ಮೊದಲ ಪಾಠ

ನಾನು ಮಾರೇ ಇಲ್ಲಲ್ರೀ, ಮತ್ತ ಎಸ್‌ಟಿಟಿ ಯಾಕ ಕಡಿದಾರ?

ಎಸ್‌ಟಿಟಿ ಅಂದರೆ ಷೇರುಪೇಟೆಯ ವಹಿವಾಟಿನ ಮೇಲೆ ಕೇಂದ್ರ ಸರ್ಕಾರ ಹಾಕುವ ತೆರಿಗೆ. 2004ರ ಅಕ್ಟೋಬರ್ 1ರಿಂದ ಇದೆ. ಆಪ್ಷನ್‌ನಲ್ಲಿ ಇದು ಎರಡು ಬಾಗಿಲಿನಿಂದ ಬರುತ್ತದೆ. ಆಪ್ಷನ್ ಮಾರಿದರೆ ಮಾರಿದವನು ಪ್ರೀಮಿಯಂ, ಅಂದರೆ ಆಪ್ಷನ್‌ನ ಬೆಲೆಯ ಮೇಲೆ ಕೊಡಬೇಕು. ಈ ಬಾಗಿಲು ಎಲ್ಲರಿಗೂ ಗೊತ್ತು. ಎರಡನೆಯದು ಎಕ್ಸ್‌ಪೈರಿಯಲ್ಲಿ ತೆರೆಯುತ್ತದೆ. ನಿಮ್ಮ ಕೈಯಲ್ಲಿರುವ ಆಪ್ಷನ್ ಲಾಭದ ಕಡೆ ನಿಂತು, ಅಂದರೆ ಐಟಿಎಂ ಆಗಿ ಮುಗಿದರೆ, ಕಾನೂನು ಅದನ್ನು ‘ಚಲಾಯಿಸಿದ ಆಪ್ಷನ್’ ಎಂದು ನೋಡುತ್ತದೆ. ಆಗ ತೆರಿಗೆ ಕೊಡಬೇಕಾದವನು ಕೊಂಡವನು, ಅಂದರೆ ನೀವು. ಮಾರುವ ಆರ್ಡರ್ ಹಾಕಿರಬೇಕೆಂದೇನೂ ಇಲ್ಲ.

ಗಂಜ್‌ನವರಿಗೆ ಹೀಗೆ ಹೇಳುತ್ತೇನೆ: ಮಾಲು ತಂದವನು ರೈತ, ಆದರೆ ಮಾರ್ಕೆಟ್ ಫೀ ಕಟ್ಟುವವನು ಖರೀದಿದಾರ. ಎಕ್ಸ್‌ಪೈರಿಯಲ್ಲೂ ಹಾಗೆಯೇ.

ಎಕ್ಸ್‌ಪೈರಿ ದಿನ ಏನೂ ಮಾಡದ ಸುಮ್ನ ಬಿಟ್ರ ಏನಾಗ್ತದ?

ಸೂಚ್ಯಂಕದ ಆಪ್ಷನ್‌ಗಳು ನಮ್ಮಲ್ಲಿ ಯುರೋಪಿಯನ್ ಮಾದರಿಯವು. ಮಧ್ಯದಲ್ಲಿ ಚಲಾಯಿಸಲು ಬರುವುದಿಲ್ಲ, ಕೊನೆಯ ದಿನ ತಾನಾಗಿಯೇ ಚುಕ್ತಾ ಆಗುತ್ತವೆ. ಲಾಭದಲ್ಲಿದ್ದರೆ ಸ್ಟ್ರೈಕ್‌ಗೂ, ಅಂದರೆ ಆಪ್ಷನ್‌ನಲ್ಲಿ ಮೊದಲೇ ಗೊತ್ತುಮಾಡಿದ ಬೆಲೆಗೂ, ಮುಕ್ತಾಯದ ಸೂಚ್ಯಂಕಕ್ಕೂ ಇರುವ ಅಂತರ ಗುಣಿಸು ನಿಮ್ಮ ಆಪ್ಷನ್‌ಗಳ ಸಂಖ್ಯೆ, ಅಷ್ಟು ಹಣ ಮರುದಿನದ ಚುಕ್ತಾದಲ್ಲಿ ಜಮಾ. ಅದರಿಂದ ಎಸ್‌ಟಿಟಿ ಹೋಗುತ್ತದೆ. ಲಾಭದಲ್ಲಿ ಇಲ್ಲದಿದ್ದರೆ ಆಪ್ಷನ್ ಸೊನ್ನೆಯಾಗುತ್ತದೆ, ಎಸ್‌ಟಿಟಿಯೂ ಸೊನ್ನೆ.

ಈಗ ರೇಟ್ ಎಷ್ಟು, ಯಾವುದರ ಮ್ಯಾಲ?

ಮಾರಿದರೆ ಪ್ರೀಮಿಯಂ ಮೇಲೆ 0.15%. ಎಕ್ಸ್‌ಪೈರಿಗೆ ಬಿಟ್ಟು ಐಟಿಎಂ ಆದರೆ ಸ್ಟ್ರೈಕ್ ಮತ್ತು ಮುಕ್ತಾಯದ ಬೆಲೆಯ ಅಂತರದ ಮೇಲೆ 0.15%. ಇಷ್ಟೇ.

2026ರ ಏಪ್ರಿಲ್‌ಗೆ ಮೊದಲು ಇವೆರಡೂ ಬೇರೆ ಬೇರೆ ಇದ್ದವು: ಮಾರಾಟಕ್ಕೆ 0.1%, ಚುಕ್ತಾಕ್ಕೆ 0.125%. 2026ರ ಬಜೆಟ್ ಎರಡನ್ನೂ ಏರಿಸಿ ಒಂದೇ ಮಟ್ಟಕ್ಕೆ ತಂದಿತು. ಏರಿಸಿದ್ದಕ್ಕೆ ಜನ ಬೈದರು, ಸರಿ. ಆದರೆ ‘ಮಾರಿದರೆ ತೆರಿಗೆ ಕಡಿಮೆ, ಬಿಟ್ಟರೆ ಜಾಸ್ತಿ’ ಎಂಬ ಹಳೆಯ ಗಾದೆ ಅದೇ ದಿನ ಸತ್ತುಹೋಯಿತು. ಅದನ್ನು ಹೆಚ್ಚಿನವರು ಗಮನಿಸಲೇ ಇಲ್ಲ.

## ಹಳೇ ಭಯದ ಮೂಲ

ನಮ್ಮ ಕಾಕಾ ‘ಗೆದ್ರೂ ಕೈಯಿಂದ ರೊಕ್ಕ ಕಟ್ಟಬೇಕಾಗ್ತದ, ಐಟಿಎಂ ಹಿಡಿಬ್ಯಾಡ’ ಅಂತಾರ. ಖರೇನ್ರಿ?

ಕಾಕಾ ಸುಳ್ಳು ಹೇಳುತ್ತಿಲ್ಲ. ಅವರು 2019ರ ಸೆಪ್ಟೆಂಬರ್‌ಗಿಂತ ಹಿಂದಿನ ಮಾತು ಹೇಳುತ್ತಿದ್ದಾರೆ.

2008ರಿಂದ 2019ರ ಆಗಸ್ಟ್ 31ರವರೆಗೆ ಚಲಾಯಿಸಿದ ಆಪ್ಷನ್‌ಗೆ 0.125% ಬೀಳುತ್ತಿದ್ದುದು ಲಾಭದ ಅಂತರದ ಮೇಲಲ್ಲ, ಚುಕ್ತಾ ಬೆಲೆಯ ಮೇಲೆ. ಅಂದರೆ ಇಡೀ ಕಾಂಟ್ರಾಕ್ಟ್‌ನ ಮೌಲ್ಯದ ಮೇಲೆ. ಆಗ ಮಾರಾಟದ ದರ ಮೊದಲು 0.017%, 2016ರ ಜೂನ್‌ನಿಂದ 0.05%, ಅದೂ ಬರೀ ಪ್ರೀಮಿಯಂ ಮೇಲೆ. ಈ ಎರಡರ ನಡುವೆ ಇದ್ದದ್ದು ಆಕಾಶ–ಭೂಮಿಯ ಅಂತರ.

ಲೆಕ್ಕ ನೋಡಿ. ನಿಫ್ಟಿ 11,000ಕ್ಕೆ ಮುಗಿಯಿತು, ನಿಮ್ಮ ಬಳಿ 10,990ರ ಕಾಲ್, ಅಂದರೆ ನಿಫ್ಟಿ ಆ ಸ್ಟ್ರೈಕ್‌ಗಿಂತ ಏರಿದರೆ ಲಾಭ ಕೊಡುವ ಆಪ್ಷನ್, ಒಂದು ಲಾಟ್ ಇದೆ, ಆಗಿನ ಲಾಟ್ 75. ಲಾಭದ ಅಂತರ 10 ಅಂಶ, ಕೈಗೆ ಬರಬೇಕಾದದ್ದು ₹750. ಎಸ್‌ಟಿಟಿ? 11,000 ಗುಣಿಸು 75, ಅಂದರೆ ₹8,25,000 ಮೇಲೆ 0.125%. ಬಂತು ₹1,031. ಗೆದ್ದ ₹750 ಹೋಗಿ ಮೇಲೆ ₹281 ನಿಮ್ಮ ಜೇಬಿನಿಂದ. ಅದೇ ಆಪ್ಷನ್ ಹತ್ತು ನಿಮಿಷ ಮೊದಲು 9 ರೂಪಾಯಿಗೆ ಮಾರಿದ್ದರೆ ತೆರಿಗೆ 34 ಪೈಸೆ.

ಇನ್ನೂ ಸೂಕ್ಷ್ಮವಾಗಿ ನೋಡಿದರೆ, 11,000ದ 0.125% ಅಂದರೆ 13.75 ಅಂಶ. ಅದಕ್ಕಿಂತ ಕಡಿಮೆ ಲಾಭದಲ್ಲಿ ನಿಂತ ಯಾವ ಆಪ್ಷನ್ ಆದರೂ ಸೊನ್ನೆಯಾದ ಆಪ್ಷನ್‌ಗಿಂತ ಕೆಟ್ಟದ್ದು. ಸೋತವನಿಗೆ ಪ್ರೀಮಿಯಂ ಮಾತ್ರ ಹೋಗುತ್ತಿತ್ತು, ಒಂಚೂರು ಗೆದ್ದವನಿಗೆ ಪ್ರೀಮಿಯಂ ಜೊತೆ ದಂಡವೂ. ಅಂಚಿನಲ್ಲಿದ್ದ ಆಪ್ಷನ್‌ಗಳನ್ನು ಜನ ಮೂರೂಕಾಲರ ನಂತರ ಸಿಕ್ಕ ಬೆಲೆಗೆ ಬಿಸಾಡುತ್ತಿದ್ದುದು ಇದಕ್ಕೇ.

ಹಂಗಾದ್ರ ಆ ಕಾನೂನು ಯಾವಾಗ ಬದಲಾತು?

2019ರ ಸೆಪ್ಟೆಂಬರ್ 1ರಿಂದ. ಆ ವರ್ಷದ ಹಣಕಾಸು ಕಾಯ್ದೆ ‘ಚುಕ್ತಾ ಬೆಲೆ’ ಎಂಬಲ್ಲಿ ಚುಕ್ತಾ ಬೆಲೆಗೂ ಸ್ಟ್ರೈಕ್‌ಗೂ ಇರುವ ವ್ಯತ್ಯಾಸವನ್ನು ತಂದು ಕೂರಿಸಿತು. ದರ 0.125% ಹಾಗೆಯೇ ಉಳಿಯಿತು. ಮೇಲಿನ ಅದೇ ಉದಾಹರಣೆಗೆ ಹೊಸ ನಿಯಮ ಹಚ್ಚಿದರೆ ₹750 ಮೇಲೆ 0.125%, ಒಂದು ರೂಪಾಯಿಯೂ ಪೂರ್ತಿ ಆಗುವುದಿಲ್ಲ. ₹1,031 ಎಲ್ಲಿ, 94 ಪೈಸೆ ಎಲ್ಲಿ.

ತೊಂದರೆ ಏನೆಂದರೆ 2019ಕ್ಕೆ ಹಿಂದಿನ ವಿಡಿಯೋಗಳು, ಫಾರ್ವರ್ಡ್‌ಗಳು ಇನ್ನೂ ಓಡಾಡುತ್ತಿವೆ. ಯಾರಾದರೂ ಎಸ್‌ಟಿಟಿ ಬಗ್ಗೆ ಹೆದರಿಸಿದರೆ ಮೊದಲು ಒಂದೇ ಮಾತು ಕೇಳಿ: ತೆರಿಗೆಯನ್ನು ಇಡೀ ಕಾಂಟ್ರಾಕ್ಟ್ ಮೇಲೆ ಹಾಕಿ ತೋರಿಸುತ್ತಿದ್ದಾರೋ, ಅಂತರದ ಮೇಲೋ? ಇಡೀ ಕಾಂಟ್ರಾಕ್ಟ್ ಮೇಲಾದರೆ ಅದು ಹಳಸಿದ ಸಾರು.

## ಮಾರಬೇಕೋ, ಬಿಡಬೇಕೋ

ಮೂರು ಇಪ್ಪತ್ತೈದಾಗೇದ, ನನ್ನ ಕಾಲ್ 200 ಪಾಯಿಂಟ್ ಐಟಿಎಂ ಅದ. ಎಸ್‌ಟಿಟಿ ತಪ್ಪಿಸಾಕ ಮಾರಿಬಿಡ್ಲೇನು?

ಎಸ್‌ಟಿಟಿ ತಪ್ಪಿಸಲು ಅನ್ನುವುದಾದರೆ ಬೇಡ. ಈ ಪ್ರಶ್ನೆಯನ್ನು ನನಗೆ ಕೇಳಿದ ಹುಡುಗ ಕೇಳುವ ಮೊದಲೇ ಮಾರಿ ಬಂದಿದ್ದ. ಅವನ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ.

ಅವನ ಹತ್ತಿರ 25,800ರ ಕಾಲ್, ನಾಲ್ಕು ಲಾಟ್, ಅಂದರೆ 260. ಮಂಗಳವಾರ, ವಾರದ ಎಕ್ಸ್‌ಪೈರಿ. ಗಂಜ್ ಎದುರಿನ ಚಹಾದಂಗಡಿಯಲ್ಲಿ ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಫೋನು. ಪರದೆ ಮೇಲೆ ನಿಫ್ಟಿ 26,000 ಆಸುಪಾಸು. ಇಷ್ಟು ಆಳದ ಐಟಿಎಂನಲ್ಲಿ ಕೊನೆಯ ನಿಮಿಷಗಳಲ್ಲಿ ಕೊಳ್ಳುವವರು ವಿರಳ, ಸಿಗುತ್ತಿದ್ದ ಬೆಲೆ 188. ‘ಬಿಟ್ಟರೆ ಟ್ಯಾಕ್ಸ್ ಬೀಳ್ತದ’ ಅಂತ ಮಾರ್ಕೆಟ್ ಆರ್ಡರ್ ಒತ್ತಿದ. 188ಕ್ಕೆ ಹೋಯಿತು. ಅವತ್ತು ಚುಕ್ತಾ ಆದದ್ದು 25,998ಕ್ಕೆ. ಅಂತರ 198.

ಮಾರಿದ್ದಕ್ಕೆ ಅವನು ಕೊಟ್ಟ ಎಸ್‌ಟಿಟಿ: 188 ಗುಣಿಸು 260, ಅಂದರೆ ₹48,880 ಮೇಲೆ 0.15%, ₹73. ಬಿಟ್ಟಿದ್ದರೆ ಬೀಳುತ್ತಿದ್ದದ್ದು: 198 ಗುಣಿಸು 260, ಅಂದರೆ ₹51,480 ಮೇಲೆ 0.15%, ₹77. ಉಳಿಸಿದ್ದು ನಾಲ್ಕು ರೂಪಾಯಿ. ಬೆಲೆಯಲ್ಲಿ ಬಿಟ್ಟುಕೊಟ್ಟದ್ದು 10 ಅಂಶ ಗುಣಿಸು 260, ₹2,600. ಮಾರಿದ ಆರ್ಡರಿನ ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಅವುಗಳ ಮೇಲಿನ ಜಿಎಸ್‌ಟಿ ಸೇರಿ ಇನ್ನೂ ನಲವತ್ತು ಚಿಲ್ಲರೆ. ಕಾಗದದ ಮೇಲೆ ಬರೆದು ತೋರಿಸಿದಾಗ ಮಿರ್ಚಿ ಅರ್ಧಕ್ಕೇ ಬಿಟ್ಟ.

ಕೈಗೆ ಸಿಗುವ ಅಳತೆ ಇದು. 200 ಅಂಶ ಐಟಿಎಂ ಇದ್ದರೆ 0.15% ಅಂದರೆ ಅಂಶದ ಮೂರನೇ ಒಂದು ಭಾಗದಷ್ಟೂ ಇಲ್ಲ, 0.3. ಮಾರಿದರೂ ಹೆಚ್ಚುಕಡಿಮೆ ಅಷ್ಟೇ ಹೋಗುತ್ತದೆ. ಹಾಗಾಗಿ ಸಿಗುವ ಬೆಲೆ ನಿಜವಾದ ಅಂತರಕ್ಕಿಂತ ಒಂದು ಅಂಶ ಕೆಳಗಿದ್ದರೂ ತೆರಿಗೆ ನೆಪ ಹೇಳಿ ಮಾರುವುದಕ್ಕೆ ಅರ್ಥವಿಲ್ಲ. ಒಂದು ಮಾತ್ರ ನೋಡಿಕೊಳ್ಳಿ: ಕೆಲವು ಬ್ರೋಕರ್‌ಗಳು ಎಕ್ಸ್‌ಪೈರಿ ಚುಕ್ತಾಕ್ಕೂ ಬ್ರೋಕರೇಜ್ ಹಾಕುತ್ತಾರೆ. ಅದು ಅವರ ದರಪಟ್ಟಿಯಲ್ಲಿರುತ್ತದೆ.

ಹಂಗಾದ್ರ ಯಾವಾಗ್ಲೂ ಬಿಟ್ಟುಬಿಡೋದೇ ಛಲೋನು?

ಅಲ್ಲ. ಮಾರುವುದಕ್ಕೆ ಒಂದು ಗಟ್ಟಿ ಕಾರಣ ಇದೆ, ಆದರೆ ಅದು ತೆರಿಗೆಯಲ್ಲ. ಚುಕ್ತಾ ಆಗುವುದು ನೀವು ಪರದೆ ಮೇಲೆ ನೋಡುತ್ತಿರುವ ಅಂಕಿಗೆ ಅಲ್ಲ.

ಎಕ್ಸ್‌ಪೈರಿಯ ಅಂತಿಮ ಬೆಲೆ ಅಂದರೆ ಆ ದಿನದ ಸೂಚ್ಯಂಕದ ಮುಕ್ತಾಯ ಮೌಲ್ಯ. ಇದುವರೆಗಿನ ಪದ್ಧತಿಯಲ್ಲಿ ಅದು ಬರುವುದು ಷೇರುಗಳ ಕೊನೆಯ ಅರ್ಧ ಗಂಟೆಯ, ಮೂರರಿಂದ ಮೂರೂವರೆಯ, ಸರಾಸರಿ ಬೆಲೆಗಳಿಂದ. ಮೂರು ಗಂಟೆಗೆ 25,950ರಲ್ಲಿದ್ದ ನಿಫ್ಟಿ ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ಸರ್ರನೆ ಓಡಿ ಮೂರೂ ಇಪ್ಪತ್ತೆಂಟಕ್ಕೆ 26,000 ಮುಟ್ಟಿದರೆ ಮುಕ್ತಾಯ 26,000 ಆಗುವುದಿಲ್ಲ, 25,975ರ ಆಚೀಚೆ ಎಲ್ಲೋ ನಿಲ್ಲುತ್ತದೆ. ಆಗ ನಿಮ್ಮ 25,800ರ ಕಾಲ್‌ಗೆ ಪೇಟೆ 177 ಕೊಡುತ್ತಿದ್ದರೆ ಅದು ಮೋಸವಲ್ಲ, ಸರಿಯಾದ ಬೆಲೆಯೇ. ‘200 ಇರಬೇಕಾದಲ್ಲಿ 177, ಎಸ್‌ಟಿಟಿ ಭಯಕ್ಕೆ ಬೆಲೆ ಬಿದ್ದದ’ ಎಂದು ಲೆಕ್ಕ ಹಾಕುವವರು ಇಲ್ಲೇ ಎಡವುತ್ತಾರೆ.

ಕಡಿಮೆ ಬೆಲೆ ಏಕೆ ಎಂದು ಗೊತ್ತುಮಾಡಿಕೊಳ್ಳಲು ಮೂರರಿಂದೀಚೆಗಿನ ಒಂದು ನಿಮಿಷದ ಚಾರ್ಟ್ ತೆರೆದು, ಈವರೆಗಿನ ಸರಾಸರಿ ಸುಮಾರು ಎಲ್ಲಿದೆ ಎಂದು ಕಣ್ಣಳತೆಯಲ್ಲಿ ನೋಡಿ. ಸ್ಟ್ರೈಕ್‌ನಿಂದ ಆ ಸರಾಸರಿಗೆ ಇರುವ ಅಂತರವೇ ಮೂರೂ ಇಪ್ಪತ್ತರ ನಂತರ ನಿಮ್ಮ ಆಪ್ಷನ್‌ನ ನಿಜವಾದ ತೂಕ. ಸಿಗುತ್ತಿರುವ ಬೆಲೆ ಅದಕ್ಕೆ ಹತ್ತಿರವಿದ್ದು, ಉಳಿದ ಹತ್ತು ನಿಮಿಷದ ಏರಿಳಿತ ಬೇಡ ಅನ್ನಿಸಿದರೆ ಮಾರಿ. ತೀರಾ ಕೆಳಗಿದ್ದರೆ ಲಿಮಿಟ್ ಆರ್ಡರ್ ಹಾಕಿ, ಹೋದರೆ ಹೋಯಿತು, ಇಲ್ಲದಿದ್ದರೆ ಚುಕ್ತಾ ಆಗಲಿ. ಆಳದ ಐಟಿಎಂನಲ್ಲಿ ಕೊನೆಯ ನಿಮಿಷ ಮಾರ್ಕೆಟ್ ಆರ್ಡರ್ ಮಾತ್ರ ಬೇಡ.

ಅಂಚಿನಲ್ಲಿರುವ ಸ್ಟ್ರೈಕ್‌ನ ಕಥೆ ಬೇರೆ. ನಾಲ್ಕೈದು ಅಂಶ ಒಳಗಿರುವ ಆಪ್ಷನ್ ಸರಾಸರಿಯ ಲೆಕ್ಕದಲ್ಲಿ ಹೊರಗೆ ಬಿದ್ದು ಸೊನ್ನೆಯಾಗಬಹುದು. ಪರದೆ ಮೇಲೆ ಐಟಿಎಂ ಕಂಡು, ರಾತ್ರಿ ಸ್ಟೇಟ್‌ಮೆಂಟ್‌ನಲ್ಲಿ ಸೊನ್ನೆ ಕಂಡವರು ನನ್ನ ಹತ್ತಿರ ಜಗಳಕ್ಕೇ ಬಂದಿದ್ದಾರೆ.

ನಾನು ಆಪ್ಷನ್ ಬರೆದು ಮಾರಿದಾಂವ. ಅದು ಐಟಿಎಂ ಆಗಿ ನನಗ ಲಾಸ್ ಆತು. ನಾನೂ ಎಕ್ಸ್‌ಪೈರಿ ಎಸ್‌ಟಿಟಿ ಕಟ್ಟಬೇಕೇನು?

ಇಲ್ಲ. ನೀವು ಮಾರಿದ ದಿನವೇ ಪ್ರೀಮಿಯಂ ಮೇಲೆ ಕಟ್ಟಿಯಾಗಿದೆ. ಎಕ್ಸ್‌ಪೈರಿಯದು ಕೊಂಡವನ ಪಾಲು.

ಕಾಂಟ್ರಾಕ್ಟ್ ನೋಟ್‌ನ್ಯಾಗ ಒಂದೇ ಮೊತ್ತ ಅದ. ನಂದು ಸರಿ ಕಡಿದಾರೋ ಇಲ್ಲೋ ಹೆಂಗ ನೋಡೋದು?

ಆ ದಿನದ ಎಸ್‌ಟಿಟಿಯನ್ನು ಒಟ್ಟುಗೂಡಿಸಿ ರೂಪಾಯಿಗೆ ದುಂಡು ಮಾಡಿ ತೋರಿಸುತ್ತಾರೆ, ಅದಕ್ಕೇ ಗೊಂದಲ. ಆ ದಿನ ಮಾರಿದ ಎಲ್ಲ ಆಪ್ಷನ್‌ಗಳ ಪ್ರೀಮಿಯಂ ಮೊತ್ತ ಕೂಡಿಸಿ. ಎಕ್ಸ್‌ಪೈರಿಗೆ ಬಿಟ್ಟ ಕೊಂಡ ಆಪ್ಷನ್‌ಗಳ ಅಂತರದ ಮೊತ್ತ ಅದಕ್ಕೆ ಸೇರಿಸಿ. ಬಂದದ್ದರ 0.15% ತೆಗೆದರೆ ರೂಪಾಯಿ ಆಚೀಚೆ ಹೊಂದಬೇಕು. ಅದೇ ದಿನ ಫ್ಯೂಚರ್ಸ್ ಅಥವಾ ಷೇರು ವಹಿವಾಟು ಇದ್ದರೆ ಅವುಗಳ ದರ ಬೇರೆ, ಬಿಡಿಸಿ ನೋಡಿ. ನನ್ನ ಅನುಭವದಲ್ಲಿ ಹೊಂದದೆ ಹೋದ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಬೆಳಗ್ಗೆ ಮಾರಿ ಮರೆತ ಇನ್ನೊಂದು ಲಾಟ್.

## ಪಳಗಿದವರಿಗೆ

ಸ್ಪ್ರೆಡ್‌ನ್ಯಾಗ ಲಾಭ ಬರೀ ₹195, ಎಸ್‌ಟಿಟಿ ₹175. ಇದು ಹೆಂಗ ಸಾಧ್ಯ?

ಎಕ್ಸ್‌ಪೈರಿ ಎಸ್‌ಟಿಟಿಯಲ್ಲಿ ಇವತ್ತಿಗೂ ಆಶ್ಚರ್ಯ ಅನ್ನುವುದು ಉಳಿದಿದ್ದರೆ ಇಲ್ಲಿ. ಕಾನೂನು ನಿಮ್ಮ ಸ್ಪ್ರೆಡ್, ಅಂದರೆ ಒಂದು ಕೊಂಡು ಇನ್ನೊಂದು ಮಾರಿದ ಜೋಡಿಯನ್ನು ನೋಡುವುದಿಲ್ಲ, ಅದರ ಒಂದೊಂದು ಕಾಲನ್ನು, ಅಂದರೆ ಒಂದೊಂದು ಆಪ್ಷನ್ ಅನ್ನು ಬೇರೆ ಬೇರೆ ತೂಗುತ್ತದೆ. ಎಡಗಾಲಿನ ನಷ್ಟ ಬಲಗಾಲಿನ ಲಾಭಕ್ಕೆ ವಜಾ ಆಗುವುದಿಲ್ಲ.

ಈ ಪ್ರಶ್ನೆ ಕೇಳಿದವರು ಒಬ್ಬ ಮಾಸ್ತರರು, ಗಣಿತವೇ ಅವರ ವಿಷಯ. ಎಕ್ಸ್‌ಪೈರಿ ದಿನ ನಿಫ್ಟಿ 25,000. ಅವರು 24,000ದ ಕಾಲ್ 997ಕ್ಕೆ ಕೊಂಡು 24,200ರ ಕಾಲ್ 800ಕ್ಕೆ ಮಾರಿದರು. ಕೈಯಿಂದ ಹೋದದ್ದು 197, ನಿಫ್ಟಿ 24,200ರ ಮೇಲಿದ್ದರೆ ವಾಪಸ್ 200. ‘ಮೂರು ಪಾಯಿಂಟ್ ಪುಕ್ಕಟೆ’ ಎಂದುಕೊಂಡರು. ಒಂದು ಲಾಟ್‌ಗೆ ₹195.

ನಿಫ್ಟಿ 25,000ಕ್ಕೇ ಮುಗಿಯಿತು ಅನ್ನಿ. ಮಾರಿದ ಕಾಲಿಗೆ 800 ಗುಣಿಸು 65, ₹52,000 ಮೇಲೆ 0.15%: ₹78. ಕೊಂಡ ಕಾಲು ಐಟಿಎಂ ಆಗಿ ಮುಗಿದಿದೆ, ಅಂತರ ಪೂರ್ತಿ 1,000 ಅಂಶ, 200 ಅಲ್ಲ. 1,000 ಗುಣಿಸು 65, ₹65,000 ಮೇಲೆ 0.15%: ₹97.50. ಎರಡೂ ಸೇರಿ ₹175.50. ಎರಡು ಆರ್ಡರಿಗೆ ತಲಾ 20ರಂತೆ ಬ್ರೋಕರೇಜ್ ₹40, ಪ್ರೀಮಿಯಂ ಮೇಲೆ ಸುಮಾರು 0.035% ಎಕ್ಸ್‌ಚೇಂಜ್ ಶುಲ್ಕ ₹41, ಇವುಗಳ ಮೇಲೆ ಜಿಎಸ್‌ಟಿ ಸುಮಾರು ₹15, ಸ್ಟ್ಯಾಂಪ್ ಡ್ಯೂಟಿ ₹2. ಒಟ್ಟು ₹273. ಪುಕ್ಕಟೆ ಮೂರು ಪಾಯಿಂಟ್ ತಂದದ್ದು ₹78 ನಷ್ಟ. ನಿಫ್ಟಿ ಅವರು ಬಯಸಿದಂತೆಯೇ ನಡೆದುಕೊಂಡಿತ್ತು, ಪಾಪ.

ಹಂಗಾದ್ರ ಅದೇ ಆಟ ಕಡಿಮಿ ಎಸ್‌ಟಿಟಿಗೆ ಆಡಾಕ ಬರ್ತದೇನು?

ಬರುತ್ತದೆ, ಕಾಲ್ ಬಿಟ್ಟು ಅವೇ ಸ್ಟ್ರೈಕ್‌ಗಳ ಪುಟ್, ಅಂದರೆ ನಿಫ್ಟಿ ಸ್ಟ್ರೈಕ್‌ಗಿಂತ ಇಳಿದರೆ ಲಾಭ ಕೊಡುವ ಆಪ್ಷನ್, ಬಳಸಿದರೆ. 24,200ರ ಪುಟ್ ಮಾರಿ 24,000ದ ಪುಟ್ ಕೊಂಡರೆ ಲಾಭ–ನಷ್ಟದ ನಕ್ಷೆ ಮಾಸ್ತರರ ಸ್ಪ್ರೆಡ್‌ನದೇ. ವ್ಯತ್ಯಾಸ ಇಷ್ಟು: ಅಲ್ಲಿ ಆಳದ ಐಟಿಎಂ, ಇಲ್ಲಿ ಎರಡೂ ಪುಟ್ ಹೊರಗೆ. ಮಾರಿದ್ದು 3.50ಕ್ಕೆ, ಕೊಂಡದ್ದು 50 ಪೈಸೆಗೆ ಎಂದುಕೊಳ್ಳಿ, ಅದೇ ಮೂರು ಅಂಶ. ಎಸ್‌ಟಿಟಿ 3.50 ಗುಣಿಸು 65ರ ಮೇಲೆ, 34 ಪೈಸೆ. ನಿಫ್ಟಿ 24,200ರ ಮೇಲೆ ಮುಗಿದರೆ ಎರಡೂ ಸೊನ್ನೆಯಾಗಿ ಎಕ್ಸ್‌ಪೈರಿಯಲ್ಲಿ ತೆರಿಗೆಯೇ ಇಲ್ಲ. ಬ್ರೋಕರೇಜ್, ಜಿಎಸ್‌ಟಿ ಕಳೆದು ₹145ರ ಸುಮಾರಿಗೆ ಉಳಿಯುತ್ತದೆ.

ಇದನ್ನು ಹೇಳಿದ ತಕ್ಷಣ ಕಣ್ಣು ಹೊಳೆಯುತ್ತದೆ, ಅದಕ್ಕೇ ಇನ್ನೊಂದು ಬದಿಯನ್ನೂ ಹೇಳುತ್ತೇನೆ. ಮಾರ್ಜಿನ್ ಕಟ್ಟಬೇಕು. ನಿಫ್ಟಿ 24,000ಕ್ಕಿಂತ ಕೆಳಗೆ ಮುಗಿದರೆ 197 ಅಂಶ, ಲಾಟ್‌ಗೆ ₹12,805 ಹೋಗುತ್ತದೆ. ₹145ಕ್ಕಾಗಿ ₹12,805 ಪಣ. ತೆರಿಗೆ ಕಡಿಮೆ ಮಾಡಿದ್ದರಿಂದ ಪಣ ಚಿಕ್ಕದಾಗಲಿಲ್ಲ.

ರಿಲಯನ್ಸ್, ಎಸ್‌ಬಿಐ ಅಂಥಾ ಷೇರಿನ ಆಪ್ಷನ್‌ಗೂ ಇದೇ ಲೆಕ್ಕೇನು?

ಈ ಪುಟದ ಲೆಕ್ಕ ಅದಕ್ಕೆ ಹಚ್ಚಬೇಡಿ. ಷೇರು ಆಪ್ಷನ್‌ಗಳು 2019ರ ಅಕ್ಟೋಬರ್‌ನಿಂದ ಪೂರ್ತಿಯಾಗಿ ಡೆಲಿವರಿಗೆ ಬಂದಿವೆ. ಐಟಿಎಂ ಕಾಲ್ ಬಿಟ್ಟರೆ ಅಂತರದ ಹಣ ಬರುವುದಿಲ್ಲ, ಇಡೀ ಲಾಟ್ ಷೇರು ಕೊಳ್ಳಬೇಕಾಗುತ್ತದೆ. ಅಲ್ಲಿ ಚಿಂತೆ ಎಸ್‌ಟಿಟಿಯದಲ್ಲ, ಲಕ್ಷಗಟ್ಟಲೆ ಹಣ ಹೊಂದಿಸುವುದು.

ಕಟ್ಟಿದ ಎಸ್‌ಟಿಟಿ ಇನ್‌ಕಮ್ ಟ್ಯಾಕ್ಸ್‌ನ್ಯಾಗ ವಾಪಸ್ ಸಿಗ್ತದೇನು?

ವಾಪಸ್ ಇಲ್ಲ. ಅದು ಟಿಡಿಎಸ್‌ನಂತೆ ಮುಂಗಡ ಕಟ್ಟಿದ ತೆರಿಗೆಯಲ್ಲ. ಆದರೆ ಆಪ್ಷನ್ ವ್ಯವಹಾರದ ಆದಾಯ ವ್ಯಾಪಾರದ ಆದಾಯವಾದ್ದರಿಂದ ಎಸ್‌ಟಿಟಿಯನ್ನು ಖರ್ಚಾಗಿ ತೋರಿಸಬಹುದು, ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕದ ಸಾಲಿನಲ್ಲೇ. ಬ್ರೋಕರ್ ಕೊಡುವ ವಾರ್ಷಿಕ ವರದಿಯಲ್ಲಿ ಲಾಭ ಒಂದು ಕಡೆ, ಶುಲ್ಕಗಳು ಇನ್ನೊಂದು ಹಾಳೆಯಲ್ಲಿ ಇರುವುದುಂಟು. ಮೊದಲ ಹಾಳೆಯ ಅಂಕಿಯನ್ನಷ್ಟೇ ತುಂಬಿ, ಕೊಡಬೇಕಾದ್ದಕ್ಕಿಂತ ಹೆಚ್ಚು ತೆರಿಗೆ ಕಟ್ಟಿದ ರಿಟರ್ನ್‌ಗಳನ್ನು ಪ್ರತಿ ಜುಲೈನಲ್ಲೂ ನೋಡುತ್ತೇನೆ. ಬರುವಾಗ ಎರಡೂ ಹಾಳೆ ತನ್ನಿ.